6/12 ಎಂದರೆ ಆರರಿಂದ ಹನ್ನೆರಡಲ್ಲ: ವೈದ್ಯರ ಟಿಪ್ಪಣಿಯಿಂದ ಮಗುವಿನ ಬೆಳವಣಿಗೆಯ ಪಟ್ಟಿ

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಅಂಗನವಾಡಿಯಲ್ಲಿ ಟೀಚರ್. ನಮ್ಮಲ್ಲಿಗೆ ಬರುವ ಮಕ್ಕಳ ವೈದ್ಯರು ಮಕ್ಕಳ ಬೆಳವಣಿಗೆಯ ಬಗ್ಗೆ ಎರಡು ಪುಟ ಟಿಪ್ಪಣಿ ಗೀಚಿ ಕೊಟ್ಟು, ಕನ್ನಡದಲ್ಲಿ ಪಟ್ಟಿ ಮಾಡಿ ತಾಯಂದಿರಿಗೆ ಹಂಚಿ ಎಂದಿದ್ದಾರೆ. 6/52, 6/12, 8/12 ಎಂದೆಲ್ಲ ಬರೆದಿದ್ದಾರೆ, ಒಂದೇ ವಿಷಯಕ್ಕೆ ಎರಡೆರಡು ವಯಸ್ಸು ಇದೆ. ನನ್ನ ಮೊದಲ ಕರಡಿನಲ್ಲಿ ‘9 ತಿಂಗಳು: ಅಂಬೆಗಾಲು’ ಎಂದಿದ್ದುದನ್ನು ನೋಡಿ ಒಬ್ಬ ತಾಯಿ ಅಳತೊಡಗಿದರು. ಅವರ ಮಗನಿಗೆ ಹನ್ನೊಂದು ತಿಂಗಳು, ಇನ್ನೂ ಅಂಬೆಗಾಲಿಡುವುದಿಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಮಗು. ಚೆನ್ನಾಗಿ ಕೂರುತ್ತಾನೆ, ಬಲಗೈಯಲ್ಲಿ ಏನನ್ನೂ ಚುರುಕಾಗಿ ಹಿಡಿಯುತ್ತಾನೆ, ಎಡಗೈ ಮಾತ್ರ ಬಳಸುವುದಿಲ್ಲ. ಯಾರೂ ಹೆದರದ ಹಾಗೆ ಪಟ್ಟಿ ಮಾಡುವುದು ಹೇಗೆ?

ಉತ್ತರ: ಪಟ್ಟಿ ಒಂದೆರಡು ವಾರ ತಡವಾದರೂ ನಡೆಯುತ್ತದೆ ಟೀಚರ್, ಆದರೆ ಆ ಮಗುವನ್ನು ಈ ವಾರವೇ ನಿಮ್ಮ ವೈದ್ಯರಿಗೆ ತೋರಿಸಲು ತಾಯಿಗೆ ಹೇಳಿ. ಅಂಬೆಗಾಲಿಗಾಗಿ ಅಲ್ಲ, ಎಡಗೈಗಾಗಿ. ವರ್ಷ ತುಂಬುವ ಮೊದಲು ಮಕ್ಕಳಿಗೆ ಎಡಚ, ಬಲಚ ಎಂಬುದಿಲ್ಲ. ಹತ್ತಿರ ಯಾವ ಕೈ ಇದೆಯೋ ಅದನ್ನೇ ಚಾಚುತ್ತವೆ. ಅಷ್ಟು ಬೇಗ ಒಂದೇ ಕೈ ಚುರುಕಾಗಿ ಕಂಡರೆ, ಇನ್ನೊಂದು ಕೈಯ ಶಕ್ತಿ ಕಡಿಮೆ ಇದೆಯೇ ಎಂದು ನೋಡಲೇಬೇಕು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಬಲಗೈಯನ್ನು ಮೆಲ್ಲನೆ ಹಿಡಿದು, ಎಡಗಡೆಯಿಂದ ಒಂದು ಸ್ಟೀಲ್ ಲೋಟ ಚಾಚಿ ನೋಡಿ. ಎಡಗೈ ಮುಂದೆ ಬರುತ್ತದೆಯೇ? ಬಂದರೆ ಬೆರಳು ಬಿಚ್ಚುತ್ತದೆಯೇ, ಅಥವಾ ಹೆಬ್ಬೆರಳು ಅಂಗೈಯೊಳಗೇ ಮಡಚಿಕೊಂಡು ಮುಷ್ಟಿ ಬಿಗಿಯಾಗಿಯೇ ಇರುತ್ತದೆಯೇ? ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ರೋಗದ ಹೆಸರು ಹೇಳುವ ಕೆಲಸ ನಿಮ್ಮದೂ ಅಲ್ಲ, ದೂರದಲ್ಲಿ ಕುಳಿತು ಬರೆಯುವ ನನ್ನದೂ ಅಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಾದ್ದರಿಂದ ಕಾದು ನೋಡೋಣ ಎನ್ನುವುದು ಮಾತ್ರ ಬೇಡ.

ತಾಯಿ ಹೆದರಿದ್ದು ಹೆದರಬೇಕಿಲ್ಲದ ವಿಷಯಕ್ಕೆ. ನೋಡಬೇಕಾದ ವಿಷಯ ಮೆಚ್ಚುಗೆಯ ಮಾತಾಗಿ ಬಂತು. ಪಟ್ಟಿಯ ದೋಷ ಇಲ್ಲೇ ಇದೆ: ಅದರಲ್ಲಿ ‘ಸಾಮಾನ್ಯವಾಗಿ ಯಾವಾಗ’ ಎಂಬುದೂ ‘ಯಾವಾಗ ವೈದ್ಯರಿಗೆ ತೋರಿಸಬೇಕು’ ಎಂಬುದೂ ಒಂದೇ ಸಂಖ್ಯೆಯಾಗಿ ಕುಳಿತಿದೆ.

ಮೊದಲು ಟಿಪ್ಪಣಿಯ ಲಿಪಿಯನ್ನು ಬಿಡಿಸಿಕೊಳ್ಳೋಣ. ವೈದ್ಯರ ಬರಹದಲ್ಲಿ ಗೆರೆಯ ಕೆಳಗಿನ ಸಂಖ್ಯೆ ಅವಧಿಯ ಅಳತೆಯನ್ನು ಹೇಳುತ್ತದೆ. ವರ್ಷಕ್ಕೆ 52 ವಾರ, ಆದ್ದರಿಂದ 6/52 ಎಂದರೆ ಆರು ವಾರ. ವರ್ಷಕ್ಕೆ 12 ತಿಂಗಳು, ಆದ್ದರಿಂದ 6/12 ಎಂದರೆ ಆರು ತಿಂಗಳು. 3/7 ಎಂದು ಕಂಡರೆ ಅದು ಮೂರು ದಿನ. ಇದನ್ನು ತಿಳಿಯದವರು 6/12 ಅನ್ನು ‘6ರಿಂದ 12 ತಿಂಗಳು’ ಎಂದು ಓದುವುದು ತೀರಾ ಸಹಜ. ಅದರ ಫಲ ನೋಡಿ: ‘ಕೂರುವುದು, 6ರಿಂದ 12 ತಿಂಗಳು’ ಎಂದು ಅಚ್ಚಾದರೆ, ಹನ್ನೊಂದು ತಿಂಗಳಾದರೂ ಕೂರದ ಮಗುವಿನ ತಾಯಿ ಇನ್ನೂ ಒಂದು ತಿಂಗಳಿದೆಯಲ್ಲ ಎಂದು ನೆಮ್ಮದಿಯಿಂದ ಮನೆಯಲ್ಲೇ ಉಳಿಯುತ್ತಾಳೆ. ಹೆದರಿಸುವ ಪಟ್ಟಿಗಿಂತ ಹೀಗೆ ಸುಮ್ಮನಾಗಿಸುವ ಪಟ್ಟಿ ಹೆಚ್ಚು ಕೆಡುಕು ಮಾಡುತ್ತದೆ.

ಕೂರುವುದಕ್ಕೆ ಎರಡು ವಯಸ್ಸು ಬಂದಿರುವ ಕಾರಣವೂ ಹೆಚ್ಚುಕಡಿಮೆ ಹೀಗೆಯೇ. ಟಿಪ್ಪಣಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಇಂಗ್ಲಿಷಿನ ‘ಸಿ’ ಅಕ್ಷರದ ತಲೆಯ ಮೇಲೆ ಸಣ್ಣ ಅಡ್ಡಗೆರೆ ಇರಬಹುದು, ಇನ್ನೊಂದು ಕಡೆ ‘ಎಸ್’ ಅಕ್ಷರದ ಮೇಲೆ. ಗೆರೆಯಿರುವ ‘ಸಿ’ ಎಂದರೆ ‘ಒಂದಿಗೆ’, ಗೆರೆಯಿರುವ ‘ಎಸ್’ ಎಂದರೆ ‘ಇಲ್ಲದೆ’. ಇಲ್ಲಿ ಆಧಾರದೊಂದಿಗೆ, ಆಧಾರವಿಲ್ಲದೆ ಎಂದು ಅರ್ಥ. ಆರು ತಿಂಗಳಿಗೆ ಮಗು ಆಧಾರದಿಂದ ಅಥವಾ ಕೈಯೂರಿ ಕೂರುತ್ತದೆ, ಎಂಟಕ್ಕೆ ಕೈ ಬಿಟ್ಟು ಕೂರುತ್ತದೆ. ಇವು ಎರಡು ಬೇರೆ ಬೇರೆ ಮೈಲಿಗಲ್ಲುಗಳು. ಅಡ್ಡಗೆರೆ ಅಳಿಸಿಹೋಗಿದ್ದರೆ ಊಹಿಸಬೇಡಿ, ವೈದ್ಯರನ್ನೇ ಕೇಳಿ.

ಲಿಪಿ ಬಿಡಿಸಿದ ಮೇಲೆ ಒಂದೊಂದು ಸಂಖ್ಯೆಯ ಪಕ್ಕದಲ್ಲೂ ಅದು ಯಾವ ಜಾತಿಯದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ‘ನಡಿಗೆ 12–13’ ಎಂದಿದ್ದರೆ ಅದು ಬಹಳಷ್ಟು ಮಕ್ಕಳು ನಡೆಯುವ ಸುಮಾರು ವಯಸ್ಸು. ‘ನಡಿಗೆ 18’ ಎಂದು ಬರೆದು ಪಕ್ಕದಲ್ಲಿ ‘ರೆಫರ್’ ಎಂದಿದ್ದರೆ ಅದು ಗಡಿ. ಇವುಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಗೊತ್ತಾಗುತ್ತದೆ. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದಾಗ, ಒಬ್ಬಂಟಿಯಾಗಿ ನಡೆಯುವ ಸಾಮರ್ಥ್ಯ 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿಕೊಂಡಿತ್ತು. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು. ಈ ಅವಧಿಯ ಕೊನೆಯ ಹೊತ್ತಿಗೆ 99 ಶೇಕಡ ಮಕ್ಕಳು ಅದನ್ನು ಕಲಿತಿರುತ್ತಾರೆ. ಹದಿನಾರು ತಿಂಗಳಿಗೂ ನಡೆಯದ ಮಗುವಿನಲ್ಲಿ ಬೇರೆ ತೊಂದರೆ ಕಾಣದಿದ್ದರೆ ಅದು ತಡವಾದ ಮಗು, ಅಷ್ಟೇ. ಹದಿನೆಂಟು ದಾಟಿದರೆ ಪರೀಕ್ಷೆ ಆಗಲೇಬೇಕು.

ಅದೇ ಅಧ್ಯಯನದಲ್ಲಿ ಸುಮಾರು 4 ಶೇಕಡ ಮಕ್ಕಳು ಕೈ ಮತ್ತು ಮೊಣಕಾಲೂರಿ ಅಂಬೆಗಾಲಿಡಲೇ ಇಲ್ಲ. ಕೂತಲ್ಲಿಂದ ಜಾರುತ್ತಲೋ ಹೊಟ್ಟೆಯ ಮೇಲೆ ತೆವಳುತ್ತಲೋ ಇದ್ದು ನೇರವಾಗಿ ಎದ್ದು ನಿಂತರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿದಾಗ ಅಂಬೆಗಾಲನ್ನು ಕೈಬಿಟ್ಟಿತು. ಪಟ್ಟಿಯ ವಯಸ್ಸುಗಳನ್ನೂ ‘ಅರ್ಧದಷ್ಟು ಮಕ್ಕಳು ಮಾಡುವ’ ಬದಲು ‘ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡುವ’ ವಯಸ್ಸಾಗಿ ಬದಲಿಸಿತು. ಮೊಬೈಲಿನಲ್ಲಿ ಸಿಗುವ ಹಳೆಯ ಮತ್ತು ಹೊಸ ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಇದೊಂದು ಕಾರಣ. ಹಾಗಾಗಿ ಟಿಪ್ಪಣಿಯಲ್ಲಿ ಇಲ್ಲದ್ದನ್ನು ಅಲ್ಲಿಂದ ಎತ್ತಿ ತುಂಬಬೇಡಿ. ಬೇರೆ ಬೇರೆ ಅಳತೆಗೋಲುಗಳ ಸಂಖ್ಯೆಗಳು ಒಂದೇ ಪಟ್ಟಿಯಲ್ಲಿ ಬೆರೆತುಹೋಗುತ್ತವೆ.

ಈಗ ಮನೆಗಳ ವಿಂಗಡಣೆ. ಅಡ್ಡಸಾಲಿನಲ್ಲಿ ವಯಸ್ಸು, ಉದ್ದಸಾಲಿನಲ್ಲಿ ನಾಲ್ಕು ಕ್ಷೇತ್ರಗಳು, ಕೊನೆಯಲ್ಲಿ ಗಡಿಯ ಸಾಲು. ‘ಸ್ಥೂಲ ಚಾಲನಾ ಸಾಮರ್ಥ್ಯ’ ಮುಂತಾದ ಶೀರ್ಷಿಕೆಗಳನ್ನು ಪಠ್ಯಪುಸ್ತಕಕ್ಕೆ ಬಿಡಿ. ‘ಮೈ ಚಲನೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಿಮ್ಮ ಟಿಪ್ಪಣಿಯೂ ಬಹುತೇಕ ಮಕ್ಕಳ ವೈದ್ಯರು ಬಳಸುವ ವಯಸ್ಸುಗಳನ್ನೇ ಹೇಳುತ್ತಿದ್ದರೆ, ಮೊದಲ ಎರಡು ವರ್ಷಗಳ ಪಟ್ಟಿ ಸುಮಾರಾಗಿ ಹೀಗೆ ಬರುತ್ತದೆ:

| ವಯಸ್ಸು ತುಂಬಿದಾಗ | ಮೈ ಚಲನೆ | ಕೈ, ಬೆರಳು | ಕೇಳುವುದು, ಮಾತು | ಒಡನಾಟ | ಹೀಗಿದ್ದರೆ ವೈದ್ಯರಿಗೆ ತೋರಿಸಿ |
|---|---|---|---|---|---|
| 3 ತಿಂಗಳು | ಎತ್ತಿಕೊಂಡಾಗ ಕುತ್ತಿಗೆ ನಿಲ್ಲತೊಡಗುತ್ತದೆ | ಮುಷ್ಟಿ ಸಡಿಲವಾಗಿರುತ್ತದೆ | ದೊಡ್ಡ ಸದ್ದಿಗೆ ಬೆಚ್ಚುತ್ತದೆ. ‘ಆ’, ‘ಊ’ ಎನ್ನುತ್ತದೆ | ಮಾತಾಡಿಸಿದರೆ ಮುಖ ನೋಡಿ ನಗುತ್ತದೆ | 3 ತುಂಬಿದರೂ ಮುಖ ನೋಡಿ ನಗುವುದಿಲ್ಲ |
| 6 ತಿಂಗಳು | ಮಗುಚುತ್ತದೆ. ಕೈಯೂರಿ ಕೂರುತ್ತದೆ | ಕೈ ಚಾಚಿ ಹಿಡಿಯುತ್ತದೆ | ಸದ್ದು ಬಂದ ಕಡೆ ತಿರುಗುತ್ತದೆ. ‘ಬಾ’, ‘ಮಾ’ ಎನ್ನುತ್ತದೆ | ಮನೆಯವರನ್ನು ಗುರುತಿಸುತ್ತದೆ | 5 ತುಂಬಿದರೂ ಕುತ್ತಿಗೆ ನಿಂತಿಲ್ಲ. 6 ತುಂಬಿದರೂ ಸದ್ದಿನತ್ತ ತಿರುಗುವುದಿಲ್ಲ |
| 9 ತಿಂಗಳು | ಆಧಾರವಿಲ್ಲದೆ ಕೂರುತ್ತದೆ | ಹೆಬ್ಬೆರಳು ಬಳಸಿ ಸಣ್ಣ ವಸ್ತು ಹಿಡಿಯುತ್ತದೆ | ‘ಬಾಬಾ’, ‘ಮಾಮಾ’ ಎಂದು ತೊದಲುತ್ತದೆ | ಹೊಸಬರನ್ನು ಕಂಡು ಅಳುಕುತ್ತದೆ | 9 ಕಳೆದರೂ ಆಧಾರವಿಲ್ಲದೆ ಕೂರುವುದಿಲ್ಲ |
| 12 ತಿಂಗಳು | ಹಿಡಿದು ನಿಲ್ಲುತ್ತದೆ, ಹಿಡಿದು ಹೆಜ್ಜೆ ಇಡುತ್ತದೆ | ಅನ್ನದ ಅಗಳನ್ನು ಬೆರಳ ತುದಿಯಲ್ಲಿ ಹೆಕ್ಕುತ್ತದೆ | ಅರ್ಥವಿಟ್ಟು ಒಂದೆರಡು ಪದ ಹೇಳುತ್ತದೆ | ಕೈ ಬೀಸಿ ಟಾಟಾ ಮಾಡುತ್ತದೆ | ತೊದಲು ಇಲ್ಲ. ಟಾಟಾ, ಕೈತೋರಿಸುವುದು ಯಾವ ಸನ್ನೆಯೂ ಇಲ್ಲ |
| 18 ತಿಂಗಳು | ಸಲೀಸಾಗಿ ನಡೆಯುತ್ತದೆ | ಪೆನ್ಸಿಲ್ ಕೊಟ್ಟರೆ ಗೀಚುತ್ತದೆ | ಎಂಟು ಹತ್ತು ಪದ ಹೇಳುತ್ತದೆ | ಗುಡಿಸುವುದು, ಒರೆಸುವುದನ್ನು ನೋಡಿ ಮಾಡುತ್ತದೆ | 16 ತುಂಬಿದರೂ ಒಂದೂ ಪದವಿಲ್ಲ. 18 ತುಂಬಿದರೂ ನಡೆಯುವುದಿಲ್ಲ |
| 24 ತಿಂಗಳು | ಓಡುತ್ತದೆ | | ಎರಡು ಪದ ಸೇರಿಸಿ ಹೇಳುತ್ತದೆ | ಹಸಿವು, ಬಾಯಾರಿಕೆಯನ್ನು ಹೇಳುತ್ತದೆ | ಎರಡು ಪದ ಸೇರಿಸುವುದಿಲ್ಲ |

ಯಾವ ವಯಸ್ಸಿನಲ್ಲೇ ಆಗಲಿ: ಮೊದಲು ಮಾಡುತ್ತಿದ್ದುದನ್ನು, ಆಡುತ್ತಿದ್ದ ಮಾತನ್ನು ಮಗು ಬಿಟ್ಟುಬಿಟ್ಟರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿದರೆ, ಮಗುವಿಗೆ ಕೇಳಿಸುತ್ತಿಲ್ಲ ಅಥವಾ ಕಾಣಿಸುತ್ತಿಲ್ಲ ಎಂದು ತಾಯಿಗೆ ಅನಿಸಿದರೆ ಕಾಯದೆ ತೋರಿಸಿ.

ಪಟ್ಟಿಯ ಕೆಳಗಿನ ಈ ಪಟ್ಟಿಕೆಯನ್ನು ಯಾವ ಸಾಲಿಗೂ ಸೇರಿಸದೆ ದಪ್ಪ ಅಕ್ಷರದಲ್ಲಿ ಬೇರೆಯಾಗಿಯೇ ಇಡಿ. ವಯಸ್ಸಿನ ಸಾಲಿಗೆ ಸಿಕ್ಕದ ಸಂಗತಿಗಳೇ ಹಲವು ಸಲ ಹೆಚ್ಚು ಗಂಭೀರವಾಗಿರುತ್ತವೆ. ಎಡಗೈ ಬಳಸದ ಆ ಮಗು ನಿಮ್ಮ ಕರಡಿನ ಕಣ್ಣು ತಪ್ಪಿಸಿಕೊಂಡದ್ದು ಹೀಗೆ. ಗಡಿಯ ಸಾಲನ್ನು ಕೆಂಪು ಬಣ್ಣದಲ್ಲಿ ಹಾಕುವ ಆಸೆ ಬರುತ್ತದೆ. ಝೆರಾಕ್ಸ್ ಮಾಡಿಸಿದಾಗ ಕೆಂಪೂ ಕಪ್ಪಾಗುತ್ತದೆ, ಆದ್ದರಿಂದ ದಪ್ಪ ಗೆರೆಯೇ ಸಾಕು.

ಎರಡು ವರ್ಷದ ಸಾಲಿನಲ್ಲಿ ಒಂದು ಮನೆ ಖಾಲಿ ಇದೆ. ಮರೆತದ್ದಲ್ಲ. ಅಲ್ಲಿಗೆ ಪುಸ್ತಕದಲ್ಲಿ ಬರುವುದು ‘ಆರು ಘನಗಳ ಗೋಪುರ’: ಒಂದಿಂಚಿನ ಮರದ ಚೌಕಗಳನ್ನು ಒಂದರ ಮೇಲೊಂದು ಪೇರಿಸುವುದು. ನಿಮ್ಮೂರಿನ ಎಷ್ಟು ಮನೆಗಳಲ್ಲಿ ಅಂಥ ಚೌಕಗಳಿವೆ? ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಮಾಡಿಸಬಹುದಲ್ಲ ಎನ್ನಬಹುದು. ಆದರೆ ಬೆಂಕಿಪೆಟ್ಟಿಗೆ ಅಗಲವಾಗಿ ಚಪ್ಪಟೆಯಾಗಿದೆ, ಅದನ್ನು ಪೇರಿಸುವುದು ಸುಲಭ. ವಸ್ತು ಬದಲಾದರೆ ಆ ವಯಸ್ಸು ಹೊಂದುವುದಿಲ್ಲ. ಚಮಚದಲ್ಲಿ ತಿನ್ನುವ ಮೈಲಿಗಲ್ಲೂ ಹೀಗೆಯೇ. ಕೈಯಲ್ಲಿ ಉಣ್ಣುವ ಮನೆಯ ಮಗು ಚಮಚ ಹಿಡಿಯಲು ತಡಮಾಡಿದರೆ ಅದು ಬೆರಳಿನ ದೋಷವಲ್ಲ. ಇಂಥ ಕಡೆ ಏನು ಬರೆಯಬೇಕೆಂದು ವೈದ್ಯರೇ ಹೇಳಲಿ, ಅಲ್ಲಿಯವರೆಗೆ ಖಾಲಿ ಬಿಡಿ. ಅನ್ನದ ಅಗಳು ಮಾತ್ರ ಒಳ್ಳೆಯ ಪರೀಕ್ಷೆ. ಚಾಪೆಯ ಮೇಲೆ ಬಿದ್ದ ಕುಚ್ಚಲಕ್ಕಿ ಅಗಳನ್ನು ಮಗು ಅಂಗೈಯಿಂದ ಬಾಚಿಕೊಳ್ಳುತ್ತದೆಯೋ, ಹೆಬ್ಬೆರಳು ತೋರುಬೆರಳಿನ ತುದಿಯಿಂದ ಎತ್ತುತ್ತದೆಯೋ ಎಂಬುದನ್ನು ಯಾವ ತಾಯಿಯೂ ನೋಡಿ ಹೇಳಬಲ್ಲಳು. ಕಡಲೆಬೀಜ ಕೊಟ್ಟು ಪರೀಕ್ಷಿಸುವುದು ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

‘ವಯಸ್ಸು ತುಂಬಿದಾಗ’ ಎಂದು ಬರೆದದ್ದಕ್ಕೂ ಕಾರಣವಿದೆ. ಮನೆಗಳಲ್ಲಿ ‘ಹನ್ನೆರಡು ನಡೆಯುತ್ತಿದೆ’ ಎಂದರೆ ತುಂಬಿದ್ದು ಹನ್ನೊಂದು. ಚಿಕ್ಕ ಮಗುವಿಗೆ ಒಂದು ತಿಂಗಳು ಎಂದರೆ ದೊಡ್ಡ ವ್ಯತ್ಯಾಸ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಲೆಕ್ಕ ಇನ್ನೂ ಬೇರೆ. ಆ ಮಗುವನ್ನೇ ತೆಗೆದುಕೊಳ್ಳಿ. ಎರಡು ತಿಂಗಳು ಮೊದಲು ಎಂಬ ಬಾಯಿಮಾತು ಸಾಲದು, ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಎಷ್ಟನೇ ವಾರದ ಹೆರಿಗೆ ಎಂದು ನೋಡಿ. ಅಲ್ಲಿ 32 ವಾರ ಎಂದಿದ್ದರೆ, ಪೂರ್ಣ ಅವಧಿಯ 40ರಿಂದ 32 ಕಳೆದು 8 ವಾರ, ಅಂದರೆ ಹತ್ತಿರ ಹತ್ತಿರ ಎರಡು ತಿಂಗಳು. ಹನ್ನೊಂದರಿಂದ ಎರಡನ್ನು ಕಳೆದರೆ ಪಟ್ಟಿಯಲ್ಲಿ ಅವನನ್ನು ನೋಡಬೇಕಾದದ್ದು 9 ತಿಂಗಳ ಸಾಲಿನಲ್ಲಿ. ಆಧಾರವಿಲ್ಲದೆ ಕೂರುತ್ತಾನೆ, ಸರಿ. ಅಂಬೆಗಾಲಿನ ಪ್ರಶ್ನೆಯೇ ಇಲ್ಲ. ತೊದಲುತ್ತಾನೆಯೇ, ಹೊಸಬರನ್ನು ಕಂಡು ಅಳುಕುತ್ತಾನೆಯೇ ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಿ. ಕೈಯ ವಿಷಯಕ್ಕೆ ಮಾತ್ರ ಈ ಕಳೆಯುವ ಲೆಕ್ಕ ಸಮಾಧಾನ ಕೊಡುವುದಿಲ್ಲ. 9 ಆಗಲಿ 11 ಆಗಲಿ, ಒಂದೇ ಕೈ ಬಳಸುವುದು ಪಟ್ಟಿಯ ಕೆಳಗಿನ ಪಟ್ಟಿಕೆಗೆ ಸೇರಿದ್ದು. ಈ ಕಳೆಯುವಿಕೆಯನ್ನು ಎರಡು ವರ್ಷದವರೆಗೆ ಮಾಡುತ್ತೇವೆ. ಲಸಿಕೆಗೆ ಅದು ಅನ್ವಯಿಸುವುದಿಲ್ಲ, ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲೇ ಆಗಬೇಕು. ಇದನ್ನು ಪಟ್ಟಿಯ ಅಡಿಯಲ್ಲಿ ಒಂದು ಸಾಲಾಗಿ ಬರೆಯದಿದ್ದರೆ ಕೆಲವರು ಲಸಿಕೆಯನ್ನೂ ಮುಂದೂಡುತ್ತಾರೆ.

ಮಾತಿನ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ಕಾಸರಗೋಡು. ಬೆಂಗಳೂರಿನಲ್ಲಿ ಕುಳಿತು ಪಟ್ಟಿ ಮಾಡುವವರಿಗೆ ಹೊಳೆಯದ ತೊಡಕು ನಿಮ್ಮ ಪ್ರತಿ ಮನೆಯಲ್ಲೂ ಇದೆ. ತಾಯಿ ತುಳುವಿನಲ್ಲಿ ಮಾತಾಡಿಸುತ್ತಾಳೆ, ಅಜ್ಜ ಕನ್ನಡದಲ್ಲಿ, ಪಕ್ಕದ ಮನೆಯ ಚೇಚಿ ಮಲಯಾಳದಲ್ಲಿ. ಒಂದೂವರೆ ವರ್ಷದ ಮಗು ಬೆಕ್ಕಿಗೆ ‘ಪುಚ್ಚೆ’ ಎನ್ನುತ್ತದೆ, ‘ಬಾ’ ಎನ್ನುತ್ತದೆ, ನೀರಿಗೆ ‘ವೆಳ್ಳಂ’ ಎನ್ನುತ್ತದೆ, ‘ಅಜ್ಜ’, ‘ಅಮ್ಮ’, ‘ಇಲ್ಲ’, ‘ತಾ’, ‘ಟಾಟಾ’ ಎನ್ನುತ್ತದೆ. ಕನ್ನಡದ ಪದ ಮಾತ್ರ ಎಣಿಸಿದರೆ ಮಗು ಹಿಂದುಳಿದಂತೆ ಕಾಣುತ್ತದೆ, ಎಲ್ಲ ಭಾಷೆಯದ್ದನ್ನೂ ಎಣಿಸಿದರೆ ಎಂಟಾಗುತ್ತದೆ. ಆದ್ದರಿಂದ ಮಾತಿನ ಸಾಲಿನ ತಲೆಯಲ್ಲೇ ‘ಎಲ್ಲ ಭಾಷೆಗಳ ಪದಗಳನ್ನೂ ಸೇರಿಸಿ ಎಣಿಸಿ’ ಎಂದು ಬರೆಯಿರಿ. ಸ್ಪಷ್ಟ ಉಚ್ಚಾರ ಬೇಕಿಲ್ಲ, ಒಂದೇ ವಸ್ತುವಿಗೆ ಪ್ರತಿ ಸಲವೂ ಅದೇ ಸದ್ದು ಬಳಸಿದರೆ ಅದು ಪದವೇ.

ಇದರ ಮತ್ತೊಂದು ಬದಿಯೂ ಇದೆ. ಎರಡು ವರ್ಷವಾದರೂ ಮಾತಿಲ್ಲದ ಮಗುವಿನ ಬಗ್ಗೆ ‘ಭಾಷೆ ಜಾಸ್ತಿಯಾಗಿ ಗಲಿಬಿಲಿ’ ಎಂದೋ ‘ಅವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು’ ಎಂದೋ ಮನೆಯ ಹಿರಿಯರು ಹೇಳಿ ಮುಗಿಸಿಬಿಡುತ್ತಾರೆ. ಹಲವು ಭಾಷೆ ಕೇಳುವುದರಿಂದ ಮಾತಿನ ಗಡಿ ಮುಂದೆ ಹೋಗುವುದಿಲ್ಲ. ಗಡಿ ದಾಟಿದ ಮಗುವಿಗೆ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಕೇಳಿಸದ ಮಗುವೂ ಮೊದಲ ತಿಂಗಳುಗಳಲ್ಲಿ ‘ಆ’, ‘ಊ’ ಎನ್ನುತ್ತದೆ, ನಂತರ ಅದು ಕಡಿಮೆಯಾಗುತ್ತ ಹೋಗುತ್ತದೆ. ಬಾಗಿಲು ಬಡಿದಾಗ ತಿರುಗುತ್ತದೆಯಲ್ಲ ಎಂಬ ಸಾಕ್ಷಿಯನ್ನೂ ನಂಬಬೇಡಿ, ಬಾಗಿಲು ಬಡಿದರೆ ನೆಲವೂ ಅದುರುತ್ತದೆ. ಬೆನ್ನ ಹಿಂದಿನಿಂದ, ಮಗುವಿಗೆ ಕಾಣದ ಹಾಗೆ, ಮೆಲುದನಿಯಲ್ಲಿ ಹೆಸರು ಕರೆದು ನೋಡಲು ತಾಯಿಗೆ ಹೇಳಿ. ಇದೂ ಆಸ್ಪತ್ರೆಯ ಪರೀಕ್ಷೆಗೆ ಬದಲಿಯಲ್ಲ.

ಯಾರೂ ಹೆದರದ ಹಾಗೆ ಎಂದು ಕೇಳಿದ್ದೀರಿ. ಗೋಡಂಬಿ ತೋಟಗಳ ಎಂಡೋಸಲ್ಫಾನ್ ಸಿಂಪಡಣೆಯ ಕಥೆಯನ್ನು ಕಂಡುಕೇಳಿ ಬೆಳೆದ ನಿಮ್ಮ ಕಡೆಯ ತಾಯಂದಿರಿಗೆ ಮಗುವಿನ ಬೆಳವಣಿಗೆಯ ಬಗ್ಗೆ ಯಾವ ಕಾಗದ ಕೊಟ್ಟರೂ ಎದೆ ಧಸಕ್ಕೆನ್ನುತ್ತದೆ, ಅದನ್ನು ಪಟ್ಟಿಯಿಂದ ಅಳಿಸಲಾಗದು. ಪದಗಳಲ್ಲಿ ಎಚ್ಚರ ವಹಿಸಬಹುದು. ‘ಕುಂಠಿತ’, ‘ಮಂದ’, ‘ಅಸಹಜ’ ಎಂಬ ಪದಗಳು ಪಟ್ಟಿಯಲ್ಲಿ ಎಲ್ಲೂ ಬೇಡ. ಗಡಿಯ ಸಾಲಿನಲ್ಲಿ ‘ತೋರಿಸಿ’ ಎಂದಷ್ಟೇ ಇದ್ದು, ಎಲ್ಲಿ, ಯಾವ ದಿನ ಎಂಬುದು ಕೆಳಗಿರಲಿ: ನಿಮ್ಮ ವೈದ್ಯರು ಬರುವ ದಿನ, ಮತ್ತು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರ. ಹೋಗುವ ಜಾಗ ಕಾಣಿಸದ ಎಚ್ಚರಿಕೆಯೇ ಹೆಚ್ಚು ಹೆದರಿಸುತ್ತದೆ.

ತಾಯಂದಿರಿಗೆ ಹಂಚುವ ಪಟ್ಟಿ ಬೇರೆ, ನಿಮ್ಮ ಕೈಯಲ್ಲಿರಬೇಕಾದ ಸಾಧನ ಬೇರೆ. ಎರಡನೆಯದು ನಿಮ್ಮ ರಾಜ್ಯದಲ್ಲೇ ತಯಾರಾಗಿದೆ: ತಿರುವನಂತಪುರದ ಶಿಶು ಬೆಳವಣಿಗೆ ಕೇಂದ್ರದ ‘ಟ್ರಿವೆಂಡ್ರಂ ಡೆವಲಪ್‌ಮೆಂಟಲ್ ಸ್ಕ್ರೀನಿಂಗ್ ಚಾರ್ಟ್’. ಎರಡು ವರ್ಷದವರೆಗಿನ ಮೂಲ ಚಾರ್ಟಿನಲ್ಲಿ 17 ಅಂಶಗಳಿವೆ. ಪ್ರತಿಯೊಂದಕ್ಕೂ ಒಂದು ಅಡ್ಡಗೆರೆ. ಗೆರೆಯ ಎಡ ತುದಿ 3 ಶೇಕಡ ಮಕ್ಕಳು ಅದನ್ನು ಕಲಿತ ವಯಸ್ಸು, ಬಲ ತುದಿ 97 ಶೇಕಡ ಮಕ್ಕಳು ಕಲಿತ ವಯಸ್ಸು. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಡಿ. ಪೂರ್ತಿಯಾಗಿ ಪೆನ್ಸಿಲಿನ ಎಡಕ್ಕೆ ಉಳಿದ ಗೆರೆಗಳಲ್ಲಿ ಯಾವುದೊಂದನ್ನು ಮಗು ಮಾಡದಿದ್ದರೂ ವೈದ್ಯರಿಗೆ ಕಳುಹಿಸಬೇಕು. ಪೆನ್ಸಿಲನ್ನು ಹಾದುಹೋಗುವ ಗೆರೆಗಳ ಬಗ್ಗೆ ಚಿಂತೆ ಬೇಡ, ಅದಕ್ಕೆ ಇನ್ನೂ ಸಮಯವಿದೆ. ಮಲಯಾಳ ಓದಲು ಕಷ್ಟವಾದರೂ ಗೆರೆ ಮತ್ತು ಪೆನ್ಸಿಲಿಗೆ ಭಾಷೆ ಬೇಕಿಲ್ಲ.

ಅಚ್ಚಿಗೆ ಕೊಡುವ ಮೊದಲು ಪಟ್ಟಿಯನ್ನು ವೈದ್ಯರಿಗೆ ಬರಿದೇ ಕೊಟ್ಟು ‘ಸರಿಯಿದೆಯೇ’ ಎಂದು ಕೇಳಬೇಡಿ. ಅವಸರದಲ್ಲಿರುವವರು ಒಮ್ಮೆ ಕಣ್ಣಾಡಿಸಿ ಸರಿ ಎಂದುಬಿಡುತ್ತಾರೆ. ಗಡಿಯ ಸಾಲಿನ ಒಂದೊಂದು ಸಂಖ್ಯೆಯನ್ನೂ ನೀವು ಗಟ್ಟಿಯಾಗಿ ಓದಿ, ಅವರು ಹೂಂ ಎಂದ ಮೇಲೆ ಟಿಕ್ ಹಾಕಿ. ಒಂದು ಹಾಳೆಗೆ ಐದು ನಿಮಿಷ ಸಾಕು. ಆಮೇಲೆ ಆ ಕೆಲಸದಲ್ಲಿಲ್ಲದ ಒಬ್ಬ ತಾಯಿಗೆ ಕೊಟ್ಟು, ‘ನಿಮ್ಮ ಮಗುವಿನ ಸಾಲು ಯಾವುದು, ತೋರಿಸಿ’ ಎನ್ನಿ. ಅವರ ಬೆರಳು ತಪ್ಪು ಸಾಲಿಗೆ ಹೋದರೆ ತಿದ್ದಬೇಕಾದದ್ದು ಪಟ್ಟಿಯನ್ನು.